ನಕ್ಷೆ ಪ್ರಾಧಿಕಾರದ್ದು, ಚರಂಡಿ ನಗರಸಭೆಯದ್ದು

ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಬೇತಮಂಗಲದವರೆಗೆ ಬಂದಿದೆ. ರಾಬರ್ಟ್‌ಸನ್‌ಪೇಟೆಯಲ್ಲಿ ಈಗ ಸೈಟಿನದೇ ಮಾತು. ಯಾವ ಜಮೀನು ಮನೆಗೆ, ಯಾವುದು ಪಾರ್ಕಿಗೆ ಎಂದು ಹೇಳುವವರು ಯಾರು? ನಾವು ಓಟು ಹಾಕಿದ ನಗರಸಭೆಯಲ್ಲ, ಕೆಜಿಎಫ್ ನಗರಾಭಿವೃದ್ಧಿ ಪ್ರಾಧಿಕಾರ. ಅದರ ಅಧ್ಯಕ್ಷರನ್ನು ನೇಮಿಸುವುದು ರಾಜ್ಯ ಸರ್ಕಾರ.

ನಗರಸಭೆ ವ್ಯಾಪ್ತಿಯ ಒಂದು ಬಡಾವಣೆಯನ್ನೇ ನೋಡಿ. ಹೊಲ ಭೂಪರಿವರ್ತನೆ ಆದ ಮೇಲೆ ಪ್ರಾಧಿಕಾರ ನಕ್ಷೆಗೆ ಒಪ್ಪಿಗೆ ಕೊಡುತ್ತದೆ. ಮಾಲೀಕರು ರಸ್ತೆ, ಚರಂಡಿ ಮಾಡಿ, ಪಾರ್ಕಿಗೆ ಜಾಗ ಬಿಟ್ಟು, ಎಲ್ಲವನ್ನೂ ನಗರಸಭೆಗೆ ಒಪ್ಪಿಸಬೇಕು. ಕೆಲಸ ಅರ್ಧಕ್ಕೆ ನಿಂತರೆ ಹಸ್ತಾಂತರವೂ ನಿಲ್ಲುತ್ತದೆ. ಸೈಟು ಕೊಂಡವರು ಎರಡೂ ಕಚೇರಿಗಳ ನಡುವೆ ಅಲೆಯುತ್ತಾರೆ. ಆದ್ದರಿಂದ ಕೊಳ್ಳುವ ಮುನ್ನ ನಕ್ಷೆಯ ಜೊತೆಗೆ ಹಸ್ತಾಂತರ ಪತ್ರವನ್ನೂ ಕೇಳಿ.

ಬೆಂಗಳೂರು ಈ ಜಗಳವನ್ನು ದಶಕಗಳ ಕಾಲ ಕಂಡಿದೆ. ಅಲ್ಲಿ ಮಹಾಯೋಜನೆ ಬಿಡಿಎ ಕೈಯಲ್ಲಿ, ರಸ್ತೆ ಚರಂಡಿಯ ಹೊಣೆ ಪಾಲಿಕೆಯ ತಲೆಯ ಮೇಲೆ. 2007ರಲ್ಲಿ ಒಪ್ಪಿಗೆ ಪಡೆದ ಯೋಜನೆ 2015ರವರೆಗಿನದು. 2031ರ ಕರಡನ್ನು 2020ರಲ್ಲಿ ಹಿಂಪಡೆಯಲಾಯಿತು. ಗ್ರೇಟರ್ ಬೆಂಗಳೂರು ಕಾಯ್ದೆ ಈಗ ಯೋಜನಾಧಿಕಾರವನ್ನು ಹೊಸ ಪ್ರಾಧಿಕಾರಕ್ಕೆ ಕೊಟ್ಟಿದೆ. ಆದರೆ ಅದರ ಅಧ್ಯಕ್ಷರು ಮುಖ್ಯಮಂತ್ರಿ, ಮೇಯರ್ ಅಲ್ಲ.

ಪ್ರಾಧಿಕಾರವೇ ಬೇಡ ಎನ್ನುತ್ತಿಲ್ಲ ನಾವು. ಊರು ನಗರಸಭೆಯ ಗಡಿ ದಾಟಿ ಬೆಳೆಯುವಾಗ, ಹಳ್ಳಿಗಳನ್ನೂ ಸೇರಿಸಿ ನೋಡುವ ಒಂದು ಕಣ್ಣು ಬೇಕು. ನಾವು ಕೇಳುವುದು ಇಷ್ಟೇ: ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ, ಚರಂಡಿ ನೀರು ಎಲ್ಲಿಗೆ ಹೋಗುತ್ತದೆ ಎಂಬ ನಗರಸಭೆಯ ಲಿಖಿತ ಅಭಿಪ್ರಾಯ ಇಲ್ಲದೆ ಯಾವ ಬಡಾವಣೆಗೂ ಒಪ್ಪಿಗೆ ಸಿಗಬಾರದು.