ಮಾಲು ಕೊಟ್ಟವರನ್ನು ಕೇಳದೆ ಮುಗಿಯುವ ವಿಲೀನ

ಮಾತೃಸಂಸ್ಥೆಯೊಂದು ತನ್ನ ಸಂಪೂರ್ಣ ಒಡೆತನದ ಅಂಗಸಂಸ್ಥೆಯನ್ನು ತನ್ನೊಳಗೆ ಸೇರಿಸಿಕೊಳ್ಳಲು ಕೋರ್ಟು, ವಕೀಲರು, ವಿಚಾರಣೆ ಯಾಕೆ ಬೇಕು? ಷೇರೆಲ್ಲ ಅವರದೇ. ಎಡಗಿಸೆಯ ದುಡ್ಡನ್ನು ಬಲಗಿಸೆಗೆ ಹಾಕಿಕೊಳ್ಳುವವನು ಯಾರ ಅಪ್ಪಣೆ ಕೇಳಬೇಕು? 2013ರ ಕಂಪನಿ ಕಾಯ್ದೆಯ ಕಲಂ 233 ನಿಂತಿರುವುದು ಈ ಪ್ರಶ್ನೆಯ ಮೇಲೆ. 2016ರ ಡಿಸೆಂಬರಿನಿಂದ ಜಾರಿಯಲ್ಲಿರುವ ಈ ಕಲಮಿನ ಪ್ರಕಾರ ಇಂಥ ವಿಲೀನ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕಿಲ್ಲ. ಕೇಂದ್ರ ಸರ್ಕಾರದ ಪರವಾಗಿ ಪ್ರಾದೇಶಿಕ ನಿರ್ದೇಶಕರು ದೃಢೀಕರಿಸಿದರೆ ಸಾಕು.

ಷೇರುದಾರರ ಮಟ್ಟಿಗೆ ಕಿಸೆಯ ಹೋಲಿಕೆ ಸರಿಯೇ. ಹೊಸ ಷೇರು ಹುಟ್ಟುವುದಿಲ್ಲ, ಯಾರ ಪಾಲೂ ಕರಗುವುದಿಲ್ಲ. ಎರಡು ಲೆಕ್ಕಪರಿಶೋಧನೆ, ಎರಡು ಆಡಳಿತ ಮಂಡಳಿ, ಎರಡು ಸಾಲು ಕಾಗದಪತ್ರದ ಖರ್ಚು ಉಳಿಯುತ್ತದೆ. ಆದರೆ ಎಡಗಿಸೆಯ ದುಡ್ಡಿನ ಮೇಲೆ ಬೇರೆಯವರ ಹಕ್ಕೂ ಇರುತ್ತದೆ. ಅಂಗಸಂಸ್ಥೆಗೆ ಉದ್ದರಿ ಮಾಲು ಕೊಟ್ಟವರು ಆ ಸಂಸ್ಥೆಯ ಆಸ್ತಿಯನ್ನು ನಂಬಿ ಕೊಟ್ಟಿರುತ್ತಾರೆ. ವಿಲೀನದ ಮರುದಿನ ಅವರು ಮಾತೃಸಂಸ್ಥೆಯ ಸಾಲಿಗರ ಜೊತೆ ಒಂದೇ ಸರತಿಯಲ್ಲಿ ನಿಂತಿರುತ್ತಾರೆ. ಈ ಕಾನೂನಿನ ಕಾವಲು ಅವರಿಗೆ ಮೀಸಲಾಗಬೇಕಿತ್ತು, ಆಗಿಲ್ಲ.

ಒಂದು ಲೆಕ್ಕ ಹಾಕಿ ನೋಡಬಹುದು. ಅಂಗಸಂಸ್ಥೆಯ ಜಾಗ, ಯಂತ್ರ ಎಲ್ಲ ಸೇರಿ 13 ಕೋಟಿ. ಅದನ್ನು ಅಡವಿಟ್ಟುಕೊಂಡ ಬ್ಯಾಂಕಿಗೆ 4 ಕೋಟಿ ಕೊಡಬೇಕು. ಮಾತೃಸಂಸ್ಥೆ ತಾನೇ ಅಡಮಾನವಿಲ್ಲದೆ ಕೊಟ್ಟ ಸಾಲ 8 ಕೋಟಿ. ಬಿಡಿಭಾಗ, ಡಬ್ಬ, ಸಾಗಣೆ ಒದಗಿಸಿದ 40 ಮಂದಿಗೆ ತಲಾ 2 ಲಕ್ಷದಂತೆ 80 ಲಕ್ಷ ಬಾಕಿ. ಸಂಸ್ಥೆ ಇವತ್ತು ಮುಚ್ಚಿದರೂ ಎಲ್ಲರ ಪೂರ್ತಿ ಹಣ ಬರುತ್ತದೆ.

ಈಗ ವಿಲೀನದ ಪ್ರಸ್ತಾವ ಬರುತ್ತದೆ. ಕಾನೂನು ಕೇಳುವುದು ಸಾಲ ಕೊಟ್ಟವರಲ್ಲಿ, ಅಥವಾ ಅವರ ಒಂದು ವರ್ಗದಲ್ಲಿ, ಮೌಲ್ಯದ ಲೆಕ್ಕದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಒಪ್ಪಿಗೆ. ಬ್ಯಾಂಕಿಗೆ ಚಿಂತೆಯಿಲ್ಲ, ಅದರ ಅಡಮಾನ ವಿಲೀನದ ನಂತರವೂ ಹಾಗೆಯೇ ಮುಂದುವರಿಯುತ್ತದೆ. ಅಡಮಾನವಿಲ್ಲದವರನ್ನು ಬೇರೆ ವರ್ಗವಾಗಿ ಎಣಿಸಿದರೂ ಒಟ್ಟು 8.8 ಕೋಟಿಯಲ್ಲಿ ಮಾತೃಸಂಸ್ಥೆಯ ಪಾಲೇ 8 ಕೋಟಿ, ಅಂದರೆ ಶೇ. 90.9. ವಿಲೀನ ಬೇಕೆಂದವರೇ ವಿಲೀನಕ್ಕೆ ಕೈ ಎತ್ತುತ್ತಾರೆ, ಗಡಿ ದಾಟುತ್ತದೆ. ನಲವತ್ತು ಮಂದಿಯೂ ಒಕ್ಕೊರಲಿನಿಂದ ಬೇಡ ಎಂದರೂ ಲೆಕ್ಕ ಬದಲಾಗುವುದಿಲ್ಲ. ಮಾತೃಸಂಸ್ಥೆಯ ಸ್ವಂತ ಸಾಲವನ್ನು ಎಣಿಕೆಯಿಂದ ಹೊರಗಿಡಬೇಕೆಂದು ಕಲಂ 233 ಎಲ್ಲಿಯೂ ಹೇಳಿಲ್ಲ.

ನ್ಯಾಯಮಂಡಳಿಯ ಹಾದಿಯಲ್ಲಿ ಬೇಕಾದದ್ದು ನಾಲ್ಕರಲ್ಲಿ ಮೂರು ಪಾಲು ಮೌಲ್ಯ ಮಾತ್ರ. ಕೇಳಲು ಸಡಿಲ. ಆದರೆ ಅಲ್ಲಿನ ಕಲಂ 230ರಲ್ಲಿ ಒಂದು ಚಿಕ್ಕ ಮಾತಿದೆ: ಒಪ್ಪಿಗೆ ಕೊಡುವವರು ಮತ ಹಾಕಿದ 'ವ್ಯಕ್ತಿಗಳಲ್ಲಿ ಬಹುಮತ'ವೂ ಆಗಿರಬೇಕು. ದುಡ್ಡಿನ ಜೊತೆಗೆ ತಲೆಯೂ ಎಣಿಕೆಗೆ ಬರುತ್ತದೆ. ನಲವತ್ತು ತಲೆಗಳ ಎದುರು ಮಾತೃಸಂಸ್ಥೆ ಒಂದೇ ತಲೆ. ಕಲಂ 233ರಲ್ಲಿ 'ವ್ಯಕ್ತಿಗಳಲ್ಲಿ' ಎಂಬ ಪದವೇ ಇಲ್ಲ. ನ್ಯಾಯಮಂಡಳಿಯ ಹಾದಿಯೇನೂ ಹೂವಿನ ಹಾಸಿಗೆಯಲ್ಲ. ಒಟ್ಟು ಸಾಲದಲ್ಲಿ ಶೇ. 5ರಷ್ಟೂ ಇಲ್ಲದವರು ಅಲ್ಲಿ ಆಕ್ಷೇಪ ಎತ್ತುವಂತಿಲ್ಲ, ಶೇ. 90 ಮೌಲ್ಯದವರ ಪ್ರಮಾಣಪತ್ರ ಸಿಕ್ಕರೆ ಮಂಡಳಿ ಸಭೆಯನ್ನೇ ಕೈಬಿಡಲೂಬಹುದು. ಆದರೆ ಅದು ಮಂಡಳಿಯ ವಿವೇಚನೆ. ಸಭೆ ಬೇಕೋ ಬೇಡವೋ ಎಂದು ತೀರ್ಮಾನಿಸುವ ಮೂರನೆಯವರೊಬ್ಬರು ಅಲ್ಲಿದ್ದಾರೆ.

ವೇಗದ ಹಾದಿಯಲ್ಲಿ ಆ ಮೂರನೆಯವರು ಯಾರು? ಪ್ರಸ್ತಾವದ ನೋಟಿಸಿಗೆ 30 ದಿನದೊಳಗೆ ಆಕ್ಷೇಪ ಬಂದರೆ ಅದನ್ನು ಪರಿಶೀಲಿಸುವುದು ಆಯಾ ಕಂಪನಿಗಳ ಸರ್ವಸದಸ್ಯರ ಸಭೆ. ಅಂಗಸಂಸ್ಥೆಯ ಸದಸ್ಯರೆಂದರೆ ಮಾತೃಸಂಸ್ಥೆಯೇ. ದೂರು ಯಾರ ಮೇಲೋ ತೀರ್ಪೂ ಅವರದೇ. ನಂತರ ಪ್ರಾದೇಶಿಕ ನಿರ್ದೇಶಕರಿದ್ದಾರೆ ನಿಜ. ಸಾಲ ಕೊಟ್ಟವರ ಹಿತಕ್ಕೆ ವಿರುದ್ಧ ಎನಿಸಿದರೆ ಅವರು ಪ್ರಸ್ತಾವವನ್ನು ನ್ಯಾಯಮಂಡಳಿಗೆ ಒಯ್ಯಬಹುದು. ಆದರೆ 2023ರ ತಿದ್ದುಪಡಿಯಾದ ಮೇಲೆ 60 ದಿನ ಅವರಿಂದ ಏನೂ ಬರದಿದ್ದರೆ ಆಕ್ಷೇಪವಿಲ್ಲವೆಂದೇ ಅರ್ಥ. ಕಡತ ಮೇಜಿನ ಮೇಲೆ ಮಲಗಿದ್ದರೂ ವಿಲೀನ ಆಗಿಯೇ ತೀರುತ್ತದೆ.

ಉಳಿದದ್ದು ಸಿಎಎ-10 ನಮೂನೆಯ ಘೋಷಣೆ. ಕಂಪನಿ ತನ್ನ ಸಾಲಗಳನ್ನು ಕಾಲಕಾಲಕ್ಕೆ ತೀರಿಸಬಲ್ಲದು, ಒಂದು ವರ್ಷದೊಳಗೆ ದಿವಾಳಿಯಾಗುವುದಿಲ್ಲ ಎಂದು ನಿರ್ದೇಶಕರು ಸಹಿ ಹಾಕುತ್ತಾರೆ. ಆ ಒಂದು ವರ್ಷ ಕಳೆದ ಮೇಲೆ ಏನಾಗಬಹುದೆಂದು ಮೇಲಿನ ಲೆಕ್ಕವನ್ನೇ ಮುಂದುವರಿಸಿ ನೋಡಿದರೆ ತಿಳಿಯುತ್ತದೆ.

ವಿಲೀನದ ದಿನ ಮಾತೃಸಂಸ್ಥೆಯ ಪುಸ್ತಕದಲ್ಲಿ, ಅಂಗಸಂಸ್ಥೆಯನ್ನು ಬಿಟ್ಟು, 55 ಕೋಟಿ ಆಸ್ತಿ ಇತ್ತು. ಅದನ್ನು ಅಡವಿಟ್ಟುಕೊಂಡ ಬ್ಯಾಂಕಿಗೆ 20 ಕೋಟಿ, ಅದರದೇ ಮಾಲುದಾರರಿಗೆ 29.2 ಕೋಟಿ ಬಾಕಿ. ಘೋಷಣೆಗೆ ಸಹಿ ಹಾಕಿದ್ದು ಸುಳ್ಳೇನಲ್ಲ. ಎರಡು ವರ್ಷದ ಮೇಲೆ ವ್ಯಾಪಾರ ಕುಸಿದು ಕಂಪನಿ ಮುಚ್ಚಿತು. ಆ ಆಸ್ತಿ ಮಾರಿದಾಗ ಬಂದದ್ದು 20 ಕೋಟಿ, ಅಷ್ಟನ್ನೂ ಅದರ ಬ್ಯಾಂಕು ತೆಗೆದುಕೊಂಡಿತು. ಹಳೆಯ ಅಂಗಸಂಸ್ಥೆಯ ಆಸ್ತಿಗೆ 13 ಕೋಟಿ ಬಂತು, 4 ಕೋಟಿ ಅದರ ಬ್ಯಾಂಕಿಗೆ ಹೋಯಿತು. ಉಳಿದ 9 ಕೋಟಿಗೆ ಈಗ 30 ಕೋಟಿಯ ಬೇಡಿಕೆ. ಮುಚ್ಚುವ ಖರ್ಚು, ಕಾರ್ಮಿಕರ ಬಾಕಿ ಬಿಟ್ಟು ಲೆಕ್ಕ ಹಾಕಿದರೂ ರೂಪಾಯಿಗೆ 30 ಪೈಸೆ. 2 ಲಕ್ಷ ಬರಬೇಕಾದವರಿಗೆ 60 ಸಾವಿರ. ವಿಲೀನವಾಗದಿದ್ದರೆ ಆ 9 ಕೋಟಿಯಲ್ಲಿ ಮಾತೃಸಂಸ್ಥೆಯ 8 ಕೋಟಿ ತೀರಿಸಿಯೂ ನಲವತ್ತು ಮಂದಿಯ 80 ಲಕ್ಷ ಪೂರ್ತಿ ಉಳಿಯುತ್ತಿತ್ತು. ಇದರಲ್ಲಿ ಯಾರೂ ಮೋಸ ಮಾಡಿಲ್ಲ, ಎಲ್ಲವೂ ಕಾನೂನಿನ ಪ್ರಕಾರವೇ ನಡೆದಿದೆ.

ಅಪಾಯವಿರುವ ಕಡೆ ಇಷ್ಟು ಸಡಿಲವಾದ ಕಾನೂನು ಅಪಾಯವಿಲ್ಲದ ಕಡೆ ಬಿಗಿಯಾಗಿದೆ. ಮಾತೃಸಂಸ್ಥೆಯ ಷೇರುದಾರರಲ್ಲಿ ಒಪ್ಪಿಗೆ ಬೇಕಾದದ್ದು ಒಟ್ಟು ಷೇರುಗಳ ಶೇ. 90, ಮತ ಹಾಕಿದವರಲ್ಲಿ ಶೇ. 90 ಅಲ್ಲ. ಸಾವಿರಾರು ಸಣ್ಣ ಷೇರುದಾರರಿರುವ ಕಂಪನಿಯಲ್ಲಿ ಮತ ಹಾಕದವರೆಲ್ಲ ಬೇಡ ಎಂದಂತೆ. ಅಂಥ ಕಂಪನಿಗಳು ವೇಗದ ಹಾದಿ ಬಿಟ್ಟು ನ್ಯಾಯಮಂಡಳಿಗೇ ಹೋಗಬೇಕಾಗುತ್ತದೆ. ಏನನ್ನೂ ಕಳೆದುಕೊಳ್ಳದವರ ಕೈಯಲ್ಲಿ ಬೀಗ, ಕಳೆದುಕೊಳ್ಳುವವರ ಮನೆಗೆ ಬಾಗಿಲೇ ಇಲ್ಲ.

ಮದ್ದು ದೂರದಲ್ಲಿಲ್ಲ, ಅದೇ ಕಾಯ್ದೆಯೊಳಗಿದೆ. ಕಂಪನಿ ತನ್ನ ಷೇರು ಬಂಡವಾಳ ಇಳಿಸಬೇಕೆಂದರೆ ಕಲಂ 66ರ ಪ್ರಕಾರ ಸಾಲ ಕೊಟ್ಟ ಪ್ರತಿಯೊಬ್ಬರ ಹಣ ತೀರಿದೆ, ಅಥವಾ ಅದಕ್ಕೆ ಭದ್ರತೆ ಒದಗಿದೆ, ಅಥವಾ ಅವರು ಒಪ್ಪಿದ್ದಾರೆ ಎಂದು ನ್ಯಾಯಮಂಡಳಿಗೆ ಮನವರಿಕೆಯಾಗಬೇಕು. ವೇಗದ ವಿಲೀನಕ್ಕೂ ಅಂಥದೇ ಷರತ್ತು ಇರಲಿ: ಬೇಡ ಎಂದವರ ಬಾಕಿ ತೀರಿಸಿ, ಇಲ್ಲವೇ ಬ್ಯಾಂಕ್ ಗ್ಯಾರಂಟಿ ಕೊಡಿ. ಮಾತೃಸಂಸ್ಥೆಯ ಸಾಲವನ್ನು ಎಣಿಕೆಯಿಂದ ತೆಗೆಯಿರಿ. ಆಗ ಮೇಲಿನ ಲೆಕ್ಕದಲ್ಲಿ ಅಡಮಾನವಿಲ್ಲದ ವರ್ಗದ ಒಪ್ಪಿಗೆಗೆ ನಲವತ್ತರಲ್ಲಿ ಮೂವತ್ತಾರು ಮಾಲುದಾರರು ಹೂಂ ಅನ್ನಬೇಕಾಗುತ್ತದೆ. ಬದಲಿಗೆ ಮಾತೃಸಂಸ್ಥೆಯ ಷೇರುದಾರರ ಶೇ. 90ರ ಗಡಿಯನ್ನು ಬೇಕಾದರೆ ಸಡಿಲಿಸಿ.

ಇದರಿಂದ ವೇಗ ಹೋಗುತ್ತದೆ ಎನ್ನುವವರು 80 ಲಕ್ಷ ತೀರಿಸಲು ಎಷ್ಟು ದಿನ ಬೇಕೆಂದು ಹೇಳಲಿ. ತೀರಿಸಲು ಆಗದ ಕಂಪನಿ ದಿವಾಳಿಯಾಗುವುದಿಲ್ಲ ಎಂಬ ಘೋಷಣೆಗೆ ಸಹಿ ಹಾಕಿದ್ದಾದರೂ ಹೇಗೆ? 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಈ ಹಾದಿಯನ್ನು ಇನ್ನಷ್ಟು ಬಗೆಯ ಕಂಪನಿಗಳಿಗೂ ತೆರೆಯಿತು. ಹಾದಿ ಅಗಲವಾದಷ್ಟೂ ಅದರ ಅಂಚಿನಲ್ಲಿ ನಿಂತ ಮಾಲುದಾರರ ಸಂಖ್ಯೆಯೂ ಬೆಳೆಯುತ್ತದೆ. ಅವರ ಎರಡು ಲಕ್ಷವನ್ನು ಕಾಯುವ ಒಂದು ಸಾಲು ಮಾತ್ರ ಕಲಂ 233ರಲ್ಲಿ ಇನ್ನೂ ಬರೆದಿಲ್ಲ.