ನಕ್ಷೆಯಲ್ಲಿ ಬಣ್ಣ ಕಂಡ ಕಡೆಯೆಲ್ಲ ಹೊಗೆ ಬಂದಿದೆಯೇ?

ಎಲ್ಲೋ ದೊಡ್ಡ ಬೆಂಕಿ ಬಿದ್ದರೆ, ಹೊಗೆ ಎಲ್ಲಿಯವರೆಗೆ ಹೋಗುತ್ತದೆ ಎಂದು ತೋರಿಸುವ ಬಣ್ಣದ ನಕ್ಷೆಗಳು ವಾಟ್ಸಾಪ್‌ನಲ್ಲಿ ಓಡಾಡುತ್ತವೆ. ಅಂಚಿನ ತಿಳಿಬಣ್ಣ ನಮ್ಮೂರನ್ನು ಮುಟ್ಟಿದರೆ ಸಾಕು, "ವಿಷಗಾಳಿ ಬಂತು" ಎಂಬ ಒಕ್ಕಣೆ ಸೇರಿಕೊಳ್ಳುತ್ತದೆ. ಆದರೆ ಆ ತಿಳಿಬಣ್ಣದಲ್ಲಿ ಸ್ವಲ್ಪ ಭಾಗ ಹೊಗೆಯದ್ದಲ್ಲ, ಲೆಕ್ಕದ್ದೇ ಆಗಿರಬಹುದು. ಹೇಗೆ ಎಂದು ನೋಡೋಣ.

ಕಂಪ್ಯೂಟರ್ ನೆಲವನ್ನು ಚೌಕಗಳಾಗಿ ಹಂಚಿಕೊಂಡು, ಪ್ರತಿ ಚೌಕಕ್ಕೂ ಹೊಗೆಯ ಸರಾಸರಿ ಪ್ರಮಾಣವನ್ನಷ್ಟೇ ನೆನಪಿಟ್ಟುಕೊಳ್ಳುತ್ತದೆ. ಗಾಳಿ ಬೀಸಿ ಬರುವ ಕಡೆಯ ಚೌಕವನ್ನು ನೋಡಿ ಮುಂದಿನ ಚೌಕದ ಲೆಕ್ಕ ಹಾಕುವ ಸರಳ ವಿಧಾನವೇ 'ಅಪ್‌ವಿಂಡ್ ಡಿಫರೆನ್ಸಿಂಗ್'.

ಒಂದು ಲೆಕ್ಕ ಮಾಡೋಣ. ಚೌಕದ ಅಗಲ 10 ಕಿ.ಮೀ., ಗಾಳಿಯ ವೇಗ ಗಂಟೆಗೆ 10 ಕಿ.ಮೀ. ಮೊದಲ ಚೌಕದಲ್ಲಿ ಮಾತ್ರ 100 ಪಾಲು ಹೊಗೆಯಿದೆ. ಅರ್ಧ ಗಂಟೆಯಲ್ಲಿ ಹೊಗೆ 5 ಕಿ.ಮೀ. ಸರಿಯುತ್ತದೆ, ಅಂದರೆ ಅರ್ಧ ಮುಂದಿನ ಚೌಕಕ್ಕೆ ದಾಟುತ್ತದೆ: 50, 50. ಇಲ್ಲಿಯವರೆಗೆ ಲೆಕ್ಕ ಸರಿ. ಆದರೆ ದಾಟಿದ ಹೊಗೆ ಎರಡನೇ ಚೌಕದ ಆರಂಭದ ಅರ್ಧದಲ್ಲಷ್ಟೇ ಇದೆ ಎಂಬುದನ್ನು ಕಂಪ್ಯೂಟರ್ ಮರೆಯುತ್ತದೆ. ಇಡೀ ಚೌಕಕ್ಕೆ ಹರಡಿದೆ ಎಂದುಕೊಂಡು ಅದರಲ್ಲೂ ಅರ್ಧವನ್ನು ಮುಂದೆ ಕಳಿಸುತ್ತದೆ: 25, 50, 25. ಎರಡು ಗಂಟೆಯಾದಾಗ ಐದು ಚೌಕಗಳಲ್ಲಿ 6.25, 25, 37.5, 25, 6.25.

ನಿಜದಲ್ಲಿ ಆಗಬೇಕಾದದ್ದೇನು? ಗಾಳಿ ಬರೀ ಹೊತ್ತೊಯ್ದರೆ ಹೊಗೆಯೆಲ್ಲ 20 ಕಿ.ಮೀ. ಆಚೆ ಮೂರನೇ ಚೌಕದಲ್ಲಿರಬೇಕು. ಲೆಕ್ಕದಲ್ಲಿ ಅದು 40 ಕಿ.ಮೀ. ಆಚೆಗೂ ತಲುಪಿದೆ! ಒಟ್ಟು ಮೊತ್ತ 100 ಆಗಿಯೇ ಇದೆ, ನಡುಬಿಂದುವೂ ಸರಿ. ಆದರೆ ಹೊಗೆ ತೆಳ್ಳಗಾಗಿ ಹರಡಿದೆ. ಇದೇ 'ಕೃತಕ ವಿಸರಣ'. ಇದರಿಂದ ತೊಂದರೆ ಎರಡು ಕಡೆ: ಅಂಚಿನಲ್ಲಿ ಇಲ್ಲದ ಹೊಗೆ ಕಾಣುತ್ತದೆ, ನಡುವೆ ಇರುವ ದಟ್ಟ ಹೊಗೆ ಕಡಿಮೆ ಕಾಣುತ್ತದೆ.

ಚೌಕ, ಸಮಯದ ಹೆಜ್ಜೆ ಎರಡನ್ನೂ ಅರ್ಧ ಮಾಡಿದರೆ ಈ ವಿಸರಣವೂ ಅರ್ಧವಾಗುತ್ತದೆ, ಅಷ್ಟೇ. ಇದನ್ನೇ 'ಮೊದಲ ದರ್ಜೆಯ ನಿಖರತೆ' ಎನ್ನುವುದು. ನಮ್ಮ ಉದಾಹರಣೆಯಲ್ಲಿ ಕೆಲಸ ನಾಲ್ಕು ಪಟ್ಟಾದರೂ ನಡುವಿನ 37.5 ಏರುವುದು ಸುಮಾರು 49ಕ್ಕೆ ಮಾತ್ರ.

ಹಾಗಾದರೆ ಈ ವಿಧಾನ ಯಾಕೆ ಬೇಕು? ಎರಡೂ ಬದಿಯ ಚೌಕಗಳನ್ನು ನೋಡುವ ಇನ್ನೊಂದು ಸರಳ ಲೆಕ್ಕ ಮೊದಲ ಹೆಜ್ಜೆಯಲ್ಲೇ ಹಿಂದಿನ ಚೌಕಕ್ಕೆ −25 ಪಾಲು ಹೊಗೆ ಕೊಡುತ್ತದೆ. ಸೊನ್ನೆಗಿಂತ ಕಡಿಮೆ ಹೊಗೆ ಎಲ್ಲಾದರೂ ಉಂಟೇ? ಒಂದು ಹೆಜ್ಜೆಯಲ್ಲಿ ಗಾಳಿ ಒಂದು ಚೌಕಕ್ಕಿಂತ ಹೆಚ್ಚು ಸಾಗದಿದ್ದರೆ ಅಪ್‌ವಿಂಡ್ ಅಂಥ ತಪ್ಪು ಮಾಡುವುದಿಲ್ಲ. ಇಂದಿನ ಹಲವು ಮಾದರಿಗಳು ಇದಕ್ಕಿಂತ ನಿಖರವಾದ ವಿಧಾನ ಬಳಸಿ, ಹೊಗೆ ಥಟ್ಟನೆ ಏರಿಳಿಯುವ ಜಾಗದಲ್ಲಿ ಮಾತ್ರ ಅಪ್‌ವಿಂಡ್ ಕಡೆಗೆ ವಾಲುತ್ತವೆ. ಆದ್ದರಿಂದ ಹರಡುವಿಕೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ.

ನಿಜವಾದ ಗಾಳಿಯ ಸುಳಿಗಳೂ ಹೊಗೆಯನ್ನು ಹರಡುತ್ತವೆ. ಯಾವುದು ಯಾವುದೆಂದು ತಿಳಿಯಲು ತಜ್ಞರು ಚಿಕ್ಕ ಚೌಕಗಳಲ್ಲಿ ಮತ್ತೆ ಲೆಕ್ಕ ಮಾಡುತ್ತಾರೆ. ಆಗ ಕುಗ್ಗಿದಷ್ಟು ಅಂಚು ಲೆಕ್ಕದ ಸೃಷ್ಟಿ. ನಾವು ಮಾಡಬಹುದಾದದ್ದು ಒಂದು: ಗಾಳಿಯ ವೇಗವನ್ನು ಕಳೆದ ಗಂಟೆಗಳಿಂದ ಗುಣಿಸುವುದು. ಬಣ್ಣ ಅದಕ್ಕಿಂತ ತುಂಬಾ ಮುಂದೆ ಹೋಗಿದ್ದರೆ, ಫಾರ್ವರ್ಡ್ ಮಾಡುವ ಮೊದಲು ಹತ್ತಿರದ ಮಾಪನ ಕೇಂದ್ರದ ಅಂಕಿ ನೋಡಿ.