ಬಿಲ್ಲು ಕಟ್ಟಿದ ಮೇಲೂ ಬಿಡದ ಹೋಲ್ಡ್

ಸ್ಟೇಷನ್ ಹತ್ತಿರದ ಸಣ್ಣ ಲಾಡ್ಜಿನಲ್ಲಿ ರೂಮು ಹಿಡಿದರೆ ಬಾಡಿಗೆಯ ಮೇಲೆ ಐನೂರೋ ಸಾವಿರವೋ ಅಡ್ವಾನ್ಸ್ ಇಸ್ಕೊಳ್ಳುತ್ತಾರೆ. ಬೆಳಿಗ್ಗೆ ಬೀಗದ ಕೈ ಕೊಟ್ಟರೆ ಲೆಕ್ಕ ಹಾಕಿ ಮಿಕ್ಕಿದ್ದು ಕೈಗೆ. ಬಂಗಾರಪೇಟೆಯಲ್ಲಾಗಲಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಾಗಲಿ ಈ ವ್ಯವಹಾರವನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಊರಿನವರು ಮದುವೆಗೋ ಆಸ್ಪತ್ರೆಗೋ ಎಂದು ಬೆಂಗಳೂರಿಗೆ ಹೋಗಿ ದೊಡ್ಡ ಹೋಟೆಲಿನಲ್ಲಿ ಇಳಿದುಕೊಂಡರೆ ಅಡ್ವಾನ್ಸಿನ ಜಾಗಕ್ಕೆ ಕಾರ್ಡ್ ಬರುತ್ತದೆ. ರಿಸೆಪ್ಷನ್‌ನವರು ಕಾರ್ಡನ್ನು ಮಷೀನಿಗೆ ಹಾಕಿ, ಪಿನ್ ಒತ್ತಿಸಿಕೊಂಡು, ‘ಸುಮ್ಮನೆ ಹೋಲ್ಡ್ ಅಷ್ಟೇ ಸಾರ್, ಕಟ್ ಆಗಲ್ಲ’ ಎನ್ನುತ್ತಾರೆ. ಮಾತು ಸುಳ್ಳಲ್ಲ. ಬಿಲ್ಲು ಕಟ್ಟಿ ಊರು ಸೇರಿ ನಾಲ್ಕು ದಿನವಾದರೂ ಆ ಹೋಲ್ಡ್ ಬಿಡದಿದ್ದಾಗ ಜಗಳ ಶುರುವಾಗುತ್ತದೆ.

ಹೋಲ್ಡ್ ಎಂದರೆ ಹಣ ಹೋಟೆಲಿಗೆ ಹೋಗಿದೆ ಎಂದಲ್ಲ. ಹೋಟೆಲಿನ ಮಷೀನು ನಮ್ಮ ಬ್ಯಾಂಕನ್ನು ‘ಇಷ್ಟು ಹಣ ಎತ್ತಿಡುತ್ತೀರಾ?’ ಎಂದು ಕೇಳುತ್ತದೆ. ಬ್ಯಾಂಕು ಒಪ್ಪಿ ಒಂದು ಅಪ್ರೂವಲ್ ಕೋಡ್ ಕೊಡುತ್ತದೆ. ಹಣ ನಮ್ಮ ಖಾತೆಯಲ್ಲೇ ಇರುತ್ತದೆ, ಉಳಿತಾಯ ಖಾತೆಯಾದರೆ ಅದಕ್ಕೆ ಬಡ್ಡಿಯೂ ಸೇರುತ್ತದೆ. ಮುಟ್ಟುವ ಹಾಗಿಲ್ಲ, ಅಷ್ಟೇ. ಹೊರಡುವ ದಿನ ಹೋಟೆಲಿನವರು ಅದೇ ಅಪ್ರೂವಲ್ ಕೋಡ್ ಮೇಲೆ ಕೊನೆಯ ಬಿಲ್ಲಿನ ಮೊತ್ತವನ್ನು ಕಳಿಸಿದರೆ ಅಷ್ಟು ಕಡಿತವಾಗಿ ಉಳಿದದ್ದು ಬಿಡುಗಡೆಯಾಗಬೇಕು. ಕಾರ್ಡಿನ ಬಿಲ್ಲು ಬೇಡವಾದರೆ ಅದೇ ಕೋಡ್ ಹಾಕಿ ಹೋಲ್ಡನ್ನು ರದ್ದು ಮಾಡಬೇಕು. ಇವೆರಡರಲ್ಲಿ ಒಂದೂ ಆಗದಿದ್ದರೆ ಬ್ಯಾಂಕಿನ ಪಾಲಿಗೆ ವ್ಯವಹಾರ ಇನ್ನೂ ತೆರೆದೇ ಇದೆ.

ಒಂದು ಲೆಕ್ಕ ಹಾಕಿ ನೋಡೋಣ. ಬಂಗಾರಪೇಟೆಯ ಒಂದು ಕುಟುಂಬ ಬೆಂಗಳೂರಿನಲ್ಲಿ ಎರಡು ರಾತ್ರಿಗೆ ರೂಮು ಮಾಡಿತು ಎನ್ನಿ. ರಾತ್ರಿಗೆ 4,000 ರೂಪಾಯಿ, ಶೇ. 5 ಜಿಎಸ್‌ಟಿ ಸೇರಿ ಒಟ್ಟು 8,400. ಊಟ, ಲಾಂಡ್ರಿ ಇತ್ಯಾದಿಗೆ ಇರಲಿ ಎಂದು ರಾತ್ರಿಗೆ 2,000 ಸೇರಿಸಿ 12,400 ರೂಪಾಯಿಗೆ ಡೆಬಿಟ್ ಕಾರ್ಡಿನ ಮೇಲೆ ಹೋಲ್ಡ್ ಹಾಕಿದರು. ಖಾತೆಯಲ್ಲಿ 25,000 ಇತ್ತು, ಬಳಸಲು ಉಳಿದದ್ದು 12,600. ಹೊರಡುವ ದಿನ ಬಿಲ್ಲು 9,150 ಬಂತು. ಕೌಂಟರಿನ ಹುಡುಗ ‘ಕಾರ್ಡಾ, ಫೋನ್‌ಪೇನಾ?’ ಎಂದ, ಕ್ಯೂಆರ್ ಎದುರಿಗೇ ಇತ್ತು, ಯುಪಿಐನಲ್ಲಿ ಕಟ್ಟಿದರು. ತಪ್ಪು ನಡೆದದ್ದು ಈ ಒಂದು ನಿಮಿಷದಲ್ಲಿ. ಯುಪಿಐನಲ್ಲಿ ಬಂದ 9,150ಕ್ಕೂ ಕಾರ್ಡಿನ ಮೇಲಿನ 12,400ಕ್ಕೂ ಸಂಬಂಧವಿದೆ ಎಂದು ಬ್ಯಾಂಕಿನ ಕಂಪ್ಯೂಟರಿಗೆ ಯಾರೂ ಹೇಳಲಿಲ್ಲ. ಖಾತೆಯಲ್ಲಿ ಈಗ 15,850 ಇದೆ, ಬಳಸಲು ಸಿಗುವುದು 3,450 ಮಾತ್ರ. ಐದನೇ ತಾರೀಕು ಸ್ಕೂಟರ್ ಸಾಲದ 4,200ರ ಕಂತು ಬಂದು ಬಡಿದರೆ ಬೌನ್ಸ್. ಅದಕ್ಕೆ ಬ್ಯಾಂಕಿನದೊಂದು ದಂಡ, ಸಾಲ ಕೊಟ್ಟ ಕಂಪನಿಯದೊಂದು ದಂಡ.

ಕ್ರೆಡಿಟ್ ಕಾರ್ಡಾಗಿದ್ದರೆ ಪೆಟ್ಟು ಇಷ್ಟು ಜೋರಲ್ಲ. ಅಲ್ಲಿ ಕಟ್ಟಿಹಾಕುವುದು ಬ್ಯಾಂಕ್ ಕೊಟ್ಟ ಮಿತಿಯನ್ನು, ನಮ್ಮ ಸಂಬಳವನ್ನಲ್ಲ. ಆದರೆ 2001ರಲ್ಲಿ ಕೆಜಿಎಫ್‌ನ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ರೈಲು ಹತ್ತಿ ದಿನಾ ಬೆಂಗಳೂರಿಗೆ ದುಡಿಯಲು ಹೋಗುವ ಜನರಲ್ಲಿ ಅನೇಕರ ಕೈಯಲ್ಲಿರುವುದು ಸಂಬಳದ ಖಾತೆಯ ಡೆಬಿಟ್ ಕಾರ್ಡು. ಹನ್ನೆರಡು ಸಾವಿರ ಹೋಲ್ಡ್ ಆಗುವುದೆಂದರೆ ಅವರಿಗೆ ತಿಂಗಳ ಅರ್ಧ ಖರ್ಚಿಗೆ ಬೀಗ ಬಿದ್ದಂತೆ.

ಇಷ್ಟು ಹೇಳಿದ ಮೇಲೆ ಹೋಟೆಲಿನವರ ಮಾತನ್ನೂ ಕೇಳಬೇಕು. ರೂಮು ಕೊಡುವುದೆಂದರೆ ಗುರುತಿಲ್ಲದವರ ಕೈಗೆ ಟಿವಿ, ಹಾಸಿಗೆ, ಗೀಸರ್ ಎಲ್ಲ ಒಪ್ಪಿಸುವುದು. ಬಿಲ್ಲು ಕೊಡದೆ ಬೆಳಗಿನ ಜಾವವೇ ಜಾಗ ಖಾಲಿ ಮಾಡುವವರು, ಎರಡು ರಾತ್ರಿ ಎಂದು ಹೇಳಿ ನಾಲ್ಕು ರಾತ್ರಿ ಉಳಿಯುವವರು ಇದ್ದೇ ಇದ್ದಾರೆ. ಹೋಲ್ಡ್ ಹಾಕಿದ ಮಾತ್ರಕ್ಕೆ ಹೋಟೆಲಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಬಡ್ಡಿಗೆ ಬಿಡಲು ಅವರ ಬಳಿ ಆ ಹಣವೇ ಇರುವುದಿಲ್ಲ. ಹೋಲ್ಡ್ ಬೇಡವೆಂದರೆ ಉಳಿದ ದಾರಿ ಪೂರ್ತಿ ಹಣ ಮೊದಲೇ ಕಡಿತ ಮಾಡಿಕೊಂಡು ಆಮೇಲೆ ರೀಫಂಡ್ ಮಾಡುವುದು. ಡೆಬಿಟ್ ಕಾರ್ಡಿಗೆ ಎಷ್ಟೋ ಕಡೆ ಹಾಗೇ ಮಾಡುತ್ತಾರೆ, ಹೆಸರಿಗೆ ಮಾತ್ರ ‘ಹೋಲ್ಡ್’ ಎನ್ನುತ್ತಾರೆ. ಆಗ ಹಣ ನಿಜವಾಗಿಯೇ ಖಾತೆಯಿಂದ ಹೋಗಿರುತ್ತದೆ, ಹಿಂದಿರುಗಲು ವಾರ ಹಿಡಿಯುತ್ತದೆ. ಅದಕ್ಕೆ ಹೋಲಿಸಿದರೆ ನಿಜವಾದ ಹೋಲ್ಡೇ ಗಿರಾಕಿಗೆ ಮೇಲು. ಯಾವುದು ನಡೆದಿದೆ ಎಂದು ತಿಳಿಯಲು ಚೀಟಿ ನೋಡಿದರೆ ಸಾಕು: ಹೋಲ್ಡಾದರೆ PRE AUTH ಎಂದಿರುತ್ತದೆ, ಕಡಿತವಾದರೆ SALE. ಎಸ್‌ಎಂಎಸ್ ನಂಬಿ ಕೂರಬೇಡಿ. ಎರಡಕ್ಕೂ ಒಂದೇ ಬಗೆಯ ಸಂದೇಶ ಕಳಿಸುವ ಬ್ಯಾಂಕುಗಳಿವೆ.

ಬ್ಯಾಂಕಿನ ಕಷ್ಟ ಬೇರೆ. ಗಿರಾಕಿ ಫೋನ್ ಮಾಡಿ ‘ಬಿಲ್ಲು ಕಟ್ಟಿದ್ದೀನಿ, ಬಿಡಿ’ ಎಂದ ಮಾತ್ರಕ್ಕೆ ಬಿಟ್ಟರೆ, ನಾಳೆ ಹೋಟೆಲು ಅದೇ ಅಪ್ರೂವಲ್ ಕೋಡ್ ಮೇಲೆ ಹಣ ಕೇಳಬಹುದು. ಬ್ಯಾಂಕು ಒಪ್ಪಿಗೆ ಕೊಟ್ಟಾಗಿದೆ, ಆದ್ದರಿಂದ ಕೊಡಲೇಬೇಕು. ಅಷ್ಟರಲ್ಲಿ ಗಿರಾಕಿ ಖಾತೆ ಖಾಲಿ ಮಾಡಿದ್ದರೆ ನಷ್ಟ ಬ್ಯಾಂಕಿನದು. ಹಾಗಾಗಿ ಅದು ಎರಡರಲ್ಲಿ ಒಂದಕ್ಕೆ ಕಾಯುತ್ತದೆ: ಹೋಟೆಲಿನಿಂದ ರದ್ದತಿ ಬರಬೇಕು, ಇಲ್ಲವೇ ಅವಧಿ ಮುಗಿಯಬೇಕು. ಅಂತರರಾಷ್ಟ್ರೀಯ ಕಾರ್ಡ್ ಜಾಲಗಳ ನಿಯಮದಲ್ಲಿ ಹೋಟೆಲ್ ಹೋಲ್ಡಿಗೆ ಸುಮಾರು 30 ದಿನದವರೆಗೂ ಅವಕಾಶವಿದೆ. ‘ಏಳು ದಿನ ಕಾಯಿರಿ’ ಎಂದು ಒಬ್ಬರು, ‘ತಿಂಗಳಾಗಬಹುದು’ ಎಂದು ಇನ್ನೊಬ್ಬರು ಹೇಳುವುದಕ್ಕೆ ಇದೂ ಒಂದು ಕಾರಣ. ಹೋಲ್ಡ್ ಯಾವ ಬಗೆಯದು, ಬ್ಯಾಂಕ್ ಯಾವುದು ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಕೆಲವೊಮ್ಮೆ ಹೋಟೆಲಿನವರು ಅದೇ ಕಾರ್ಡಿನಲ್ಲೇ ಬಿಲ್ಲು ತೆಗೆದುಕೊಂಡರೂ ಹಳೆಯ ಕೋಡ್ ಹಾಕದೆ ಹೊಸದಾಗಿ SALE ಮಾಡಿಬಿಡುತ್ತಾರೆ. ಆಗ 12,400 ಹೋಲ್ಡೂ 9,150 ಕಡಿತವೂ ಒಟ್ಟಿಗೇ ಕೂರುತ್ತವೆ, ಗಿರಾಕಿಗೆ ಎರಡು ಸಲ ಹಣ ಹೋದ ಹಾಗೆ ಕಾಣುತ್ತದೆ.

ಹೋಟೆಲಿನಂತೆ ಪೆಟ್ರೋಲ್ ಬಂಕಿನಲ್ಲೂ ಹೋಲ್ಡ್ ಹಾಕುವ ದೇಶಗಳಿವೆ, ನಮ್ಮಲ್ಲಿಯ ಕಥೆಯೇ ಬೇರೆ. ಅಮೆರಿಕದಲ್ಲಿ ಗಿರಾಕಿಯೇ ಪಂಪಿಗೆ ಕಾರ್ಡ್ ತೋರಿಸಿ ತಾನೇ ತುಂಬಿಸಿಕೊಳ್ಳುತ್ತಾನೆ. ಎಷ್ಟು ತುಂಬಿಸುತ್ತಾನೋ ಮೊದಲು ಗೊತ್ತಿಲ್ಲದ್ದರಿಂದ ಪಂಪು ಒಂದು ದೊಡ್ಡ ಮೊತ್ತಕ್ಕೆ ಹೋಲ್ಡ್ ಹಾಕುತ್ತದೆ. 2022ರಲ್ಲಿ ತೈಲ ಬೆಲೆ ಏರಿದಾಗ ವೀಸಾ, ಮಾಸ್ಟರ್‌ಕಾರ್ಡ್ ಆ ಮೊತ್ತದ ಮಿತಿಯನ್ನು 175 ಡಾಲರಿಗೆ ಏರಿಸಿದವು. ನಲವತ್ತು ಡಾಲರ್ ಪೆಟ್ರೋಲಿಗೆ 175 ಡಾಲರ್‌ವರೆಗೂ ಹೋಲ್ಡ್. ಮಗನನ್ನೋ ಮಗಳನ್ನೋ ನೋಡಲು ಅಲ್ಲಿಗೆ ಹೋಗುವ ನಮ್ಮವರು ಊರಿನ ಫಾರೆಕ್ಸ್ ಕಾರ್ಡನ್ನು ಪಂಪಿಗೆ ಹಾಕಿದರೆ ಮಿಕ್ಕ ಹಣ ಬಿಡುವ ಹೊತ್ತಿಗೆ ಪ್ರವಾಸವೇ ಮುಗಿದಿರಬಹುದು. ಒಳಗಿನ ಕೌಂಟರಿನಲ್ಲಿ ‘ನಲವತ್ತು ಡಾಲರಿಗೆ’ ಎಂದು ಮೊದಲೇ ಕಟ್ಟಿಬಿಟ್ಟರೆ ಈ ತಾಪತ್ರಯವಿಲ್ಲ.

ಕೆಜಿಎಫ್‌ನ ಬಂಕಿನಲ್ಲಿ ಮೊದಲು ಪೆಟ್ರೋಲ್, ಆಮೇಲೆ ದುಡ್ಡು. ಹುಡುಗ ಮೀಟರ್ ನೋಡಿ ಅಷ್ಟೇ ಮೊತ್ತ ಒತ್ತುತ್ತಾನೆ. ಹೋಲ್ಡಿಗೆ ಕೆಲಸವೇ ಇಲ್ಲ. ಇಲ್ಲಿ ಹಣ ಸಿಕ್ಕಿಕೊಳ್ಳುವುದು ನೆಟ್‌ವರ್ಕ್ ಕೈಕೊಟ್ಟಾಗ. ನಮ್ಮ ಫೋನಿಗೆ ‘ಡೆಬಿಟ್’ ಎಂದು ಬಂತು, ಮಷೀನಿನಿಂದ ಚೀಟಿ ಬರಲಿಲ್ಲ. ಗಿರಾಕಿ ಫೋನ್ ತೋರಿಸುತ್ತಾನೆ, ಹುಡುಗ ಒಪ್ಪುವುದಿಲ್ಲ. ಹುಡುಗನದು ಹಟವಲ್ಲ: ಶಿಫ್ಟ್ ಮುಗಿಯುವಾಗ ಮೀಟರಿನಲ್ಲಿ ಹೋದ ಪೆಟ್ರೋಲಿಗೂ ನಗದು ಮತ್ತು ಚೀಟಿಗಳ ಮೊತ್ತಕ್ಕೂ ಅವನು ತಾಳೆ ಹಾಕಿಸಬೇಕು. ಚೀಟಿ ಇಲ್ಲದ ಐನೂರು ರೂಪಾಯಿಗೆ ಅವನೇ ಜವಾಬು ಹೇಳಬೇಕು. ಗಿರಾಕಿ ಎರಡನೇ ಸಲ ಕಟ್ಟಿ, ಬೈದುಕೊಂಡು ಹೊರಡುತ್ತಾನೆ.

ವಿಚಿತ್ರವೆಂದರೆ, ಈ ಬಂಕಿನ ಗಿರಾಕಿಗೆ ಹೋಟೆಲಿನ ಗಿರಾಕಿಗಿಂತ ಗಟ್ಟಿಯಾದ ರಕ್ಷಣೆ ಇದೆ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರ ಸುತ್ತೋಲೆಯಲ್ಲಿ ವಿಫಲ ವ್ಯವಹಾರಗಳಿಗೆ ಗಡುವು ಹಾಕಿತು. ಅಂಗಡಿಯ ಮಷೀನಿನಲ್ಲಿ ಖಾತೆ ಕಡಿತವಾಗಿ ಚೀಟಿ ಬರದಿದ್ದರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಹಣ ತಾನಾಗಿಯೇ ವಾಪಸಾಗಬೇಕು. ಅದನ್ನು ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗಿರಾಕಿ ಕೇಳದೆಯೇ. ಅಂಗಡಿಗೆ ಯುಪಿಐನಲ್ಲಿ ಕಟ್ಟಿದ್ದಕ್ಕೂ ಇದೇ ಲೆಕ್ಕ. ಆದರೆ ಆ ಸುತ್ತೋಲೆಯ ಪಟ್ಟಿಯಲ್ಲಿ ಹೋಟೆಲ್ ಹೋಲ್ಡಿಗೆ ಒಂದು ಸಾಲೂ ಇಲ್ಲ, ಏಕೆಂದರೆ ಹೋಲ್ಡ್ ವಿಫಲ ವ್ಯವಹಾರವಲ್ಲ. ಅದು ಸರಿಯಾಗಿ ನಡೆದು, ಮುಗಿಸದೆ ಬಿಟ್ಟ ವ್ಯವಹಾರ.

ಎರಡೂ ಕಡೆ ತೂಗಿದರೆ ನನಗೆ ಅನಿಸುವುದು ಇದು. ಬಿಲ್ಲು ಕಟ್ಟುವ ತನಕ ಹೋಟೆಲು ಹೋಲ್ಡ್ ಹಾಕುವುದು ನ್ಯಾಯ; ಲಾಡ್ಜಿನ ಅಡ್ವಾನ್ಸಿಗೂ ಅದಕ್ಕೂ ತತ್ವದಲ್ಲಿ ವ್ಯತ್ಯಾಸವಿಲ್ಲ. ಹೋಟೆಲಿನ ಒಪ್ಪಿಗೆ ಬಾರದೆ ಬ್ಯಾಂಕು ಬಿಡದಿರುವುದೂ ಒಪ್ಪುವ ಮಾತೇ. ಬಿಲ್ಲು ಕಟ್ಟಿದ ಮರುಗಳಿಗೆಯಿಂದ ಮಾತ್ರ ಆ ಹೋಲ್ಡಿಗೆ ಆಧಾರವಿಲ್ಲ, ಅದನ್ನು ತೆಗೆಯಬಲ್ಲ ಸಂದೇಶ ಹೊರಡಬೇಕಾದದ್ದು ಹೋಟೆಲಿನ ಮಷೀನಿನಿಂದ. ‘ಬ್ಯಾಂಕನ್ನು ಕೇಳಿ’ ಎಂದು ಕೌಂಟರಿನಲ್ಲಿ ಕೈ ತೊಳೆದುಕೊಳ್ಳುವುದು ಆದ್ದರಿಂದಲೇ ಸರಿಯಲ್ಲ. ಗಿರಾಕಿಯ ಪಾಲೂ ಸ್ವಲ್ಪವಿದೆ: ಕಾರ್ಡಿನಲ್ಲಿ ಹೋಲ್ಡ್ ಕೊಟ್ಟು ಯುಪಿಐನಲ್ಲಿ ಬಿಲ್ಲು ಕಟ್ಟಿ ಸುಮ್ಮನೆ ಹೊರಟುಬಿಟ್ಟರೆ ಗಂಟು ಬೀಳುತ್ತದೆ.

ಆದ್ದರಿಂದ ಹೋಟೆಲಿಗೆ ಕಾರ್ಡ್ ಕೊಡುವಾಗ ಎಷ್ಟು ಮೊತ್ತಕ್ಕೆ ಹೋಲ್ಡ್ ಎಂದು ಕೇಳಿ, ಆ ಚೀಟಿ ಜೋಪಾನ ಮಾಡಿ. ಸಾಧ್ಯವಾದರೆ ಅದೇ ಕಾರ್ಡಿನಲ್ಲಿ, ಅದೇ ಕೋಡ್ ಮೇಲೆ ಬಿಲ್ಲು ಮುಗಿಸಿ. ಬೇರೆ ದಾರಿಯಲ್ಲಿ ಕಟ್ಟಿದರೆ ರದ್ದತಿಯ ಚೀಟಿ ಕೈಗೆ ಬರುವ ತನಕ ಕೌಂಟರ್ ಬಿಡಬೇಡಿ. ಊರಿಗೆ ಬಂದ ಮೇಲೆ ಗೊತ್ತಾದರೆ ಮೊದಲು ಹೋಟೆಲಿಗೆ ಫೋನ್ ಮಾಡಿ, ಚೀಟಿಯಲ್ಲಿರುವ APPR CODE ಹೇಳಿ, ಹೋಲ್ಡ್ ಬಿಡಬಹುದೆಂಬ ಪತ್ರ ಬ್ಯಾಂಕಿಗೆ ಮೇಲ್ ಮಾಡಿಸಿ. ಬರೀ ಬ್ಯಾಂಕಿನ ಬೆನ್ನು ಹತ್ತಿದರೆ ದಿನ ಹೋಗುತ್ತದೆ. ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಟ್ಟು 30 ದಿನವಾದರೂ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ದೂರು ಹಾಕಬಹುದು, ಖರ್ಚಿಲ್ಲ. ರಿಸರ್ವ್ ಬ್ಯಾಂಕು 2019ರ ಸುತ್ತೋಲೆಯ ಪಟ್ಟಿಗೆ ಹೋಟೆಲ್ ಹೋಲ್ಡಿನ ಸಾಲೊಂದನ್ನು ಸೇರಿಸಿ, ಬಿಲ್ಲು ಮುಗಿದ ದಿನದಿಂದ ಗಡುವು ಎಣಿಸಿ, ಮೀರಿದರೆ ದಂಡವನ್ನು ರದ್ದತಿ ಕಳಿಸದ ಹೋಟೆಲಿನ ಕಡೆಗೆ ಹಾಕಬೇಕು.